ಪ್ಯಾಸೇಜ್, ಸುತ್ತುದಾರಿ, ನಡುಹಾಲ್: ಓಡಾಟಕ್ಕೆ ಎಷ್ಟು ಚದರಡಿ ಹೋಗುತ್ತದೆ?

ಪ್ರಶ್ನೆ: ಉಡುಪಿಯ ಹತ್ತಿರ 10 ಸೆಂಟ್ಸ್ ಜಾಗದಲ್ಲಿ ಒಂದೇ ಅಂತಸ್ತಿನ, ಮೂರು ಬೆಡ್‌ರೂಮಿನ ಕೆಂಪುಕಲ್ಲಿನ ಮನೆ ಕಟ್ಟಬೇಕೆಂದಿದ್ದೇವೆ. ಹೊರಗೋಡೆ ಬಿಟ್ಟು ಒಳಗೆ 1,400 ಚದರಡಿ. ಮೂರು ಪ್ಲಾನ್ ಕೈಯಲ್ಲಿವೆ: ಒಂದರಲ್ಲಿ ಪ್ಯಾಸೇಜ್, ಇನ್ನೊಂದರಲ್ಲಿ ಒಳಂಗಳದ ಸುತ್ತ ದಾರಿ, ಮೂರನೆಯದರಲ್ಲಿ ನಡುವೆ ಹಾಲ್, ಸುತ್ತ ಕೋಣೆಗಳು. ಹಾಲ್ ಇರುವುದರಲ್ಲಿ ಓಡಾಟಕ್ಕೆ ಒಂದಡಿಯೂ ವ್ಯರ್ಥವಾಗುವುದಿಲ್ಲ ಎನ್ನುತ್ತಾರೆ. ಇದು ನಿಜವೇ? ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇದ್ದಾರೆ. ವರ್ಷಕ್ಕೊಂದೆರಡು ಸಲ ಪೂಜೆ, ಊಟ ಇರುತ್ತದೆ.

ಉತ್ತರ: ನಿಜವಲ್ಲ. ನಡುಹಾಲಿನ ಪ್ಲಾನಿನಲ್ಲಿಯೂ ಓಡಾಟದ ಜಾಗ ಇದ್ದೇ ಇರುತ್ತದೆ. ಅದಕ್ಕೆ ಗೋಡೆಯಿಲ್ಲ, ಹೆಸರಿಲ್ಲ, ಹಾಗಾಗಿ ಪ್ಲಾನಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಪ್ಯಾಸೇಜ್ ಆದರೆ '3'6" ಪ್ಯಾಸೇಜ್' ಎಂದು ಬರೆದಿರುತ್ತಾರೆ, ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಹಾಲಿನಲ್ಲಿ ಅದೇ ದಾರಿ ಸೋಫಾ ಮತ್ತು ಟಿವಿಯ ನಡುವೆ ಹಾದುಹೋಗುತ್ತದೆ. ಮನೆಗೆ ಬಂದು ಆರು ತಿಂಗಳಾದ ಮೇಲೆ, 'ಇಷ್ಟು ದೊಡ್ಡ ಹಾಲಿನಲ್ಲಿ ಒಂದು ಡೈನಿಂಗ್ ಟೇಬಲ್ ಇಡಲು ಜಾಗವಿಲ್ಲವಲ್ಲ' ಎಂದು ಗೊತ್ತಾಗುತ್ತದೆ. ಆದ್ದರಿಂದ ಮೂರೂ ಪ್ಲಾನುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕು.

ಅಳೆಯುವ ಕ್ರಮ ಸರಳ. ಪ್ಲಾನಿನ ಒಂದು ಪ್ರತಿ ತೆಗೆದುಕೊಂಡು, ಮುಂಬಾಗಿಲಿನಿಂದ ಒಳಗಿನ ಪ್ರತಿಯೊಂದು ಬಾಗಿಲಿಗೂ ಮನುಷ್ಯ ನಡೆಯುವ ದಾರಿಯನ್ನು 3 ಅಡಿ ಅಗಲದ ಪಟ್ಟಿಯಾಗಿ ಬಣ್ಣದ ಪೆನ್ಸಿಲಿನಲ್ಲಿ ತುಂಬಿ. ಎರಡು ದಾರಿಗಳು ಒಂದರ ಮೇಲೊಂದು ಬಿದ್ದ ಕಡೆ ಒಂದೇ ಸಲ ಎಣಿಸಿ. ಪ್ಯಾಸೇಜ್ ಇದ್ದರೆ ಅದರ ಪೂರ್ತಿ ಅಗಲವನ್ನೂ, ಆ ಪ್ಯಾಸೇಜಿಗಾಗಿಯೇ ಎದ್ದ ಹೆಚ್ಚಿನ ಗೋಡೆಯನ್ನೂ ಸೇರಿಸಿ. ನಮ್ಮ ಕಡೆ ಈ ಗೋಡೆಯ ಲೆಕ್ಕ ಮರೆಯಲೇಬಾರದು. ಕೆಂಪುಕಲ್ಲಿನ ಗೋಡೆ ಪ್ಲಾಸ್ಟರ್ ಸೇರಿ ಸುಮಾರು 9 ಇಂಚು, ಅಂದರೆ ಮುಕ್ಕಾಲು ಅಡಿ, ತಿನ್ನುತ್ತದೆ. 3.5 ಅಡಿಯ ಪ್ಯಾಸೇಜ್ ನಿಜಕ್ಕೂ 4.25 ಅಡಿಯ ಪ್ಯಾಸೇಜ್. ನಿಮ್ಮ 1,400 ಚದರಡಿಯಲ್ಲಿ ಒಳಗೋಡೆಗಳೂ ಸೇರಿರುವುದರಿಂದ ಅದು ಕೋಣೆಗಳಿಂದಲೇ ಕಡಿತವಾಗುತ್ತದೆ.

ಮೊದಲು ಪ್ಯಾಸೇಜ್ ನೋಡೋಣ. ಎರಡೂ ಕಡೆ ಕೋಣೆಗಳಿರುವ ಪ್ಯಾಸೇಜ್ ಒಂದು ಬಗೆ, ಒಂದೇ ಕಡೆ ಕೋಣೆಗಳಿರುವುದು ಇನ್ನೊಂದು. ಎರಡಕ್ಕೂ ಹೆಸರು ಒಂದೇ ಆದರೂ ಖರ್ಚು ಬೇರೆ ಬೇರೆ.

11×12 ಅಡಿಯ ಬೆಡ್‌ರೂಮುಗಳ 12 ಅಡಿಯ ಬದಿ ಪ್ಯಾಸೇಜಿಗೆ ತಾಗಿದೆ ಎಂದಿಟ್ಟುಕೊಳ್ಳಿ. ಒಂದು ಕಡೆ ಎರಡು ಬೆಡ್‌ರೂಮ್, ಎದುರು ಕಡೆ ಮೂರನೆಯ ಬೆಡ್‌ರೂಮ್ ಮತ್ತು ಸಾಮಾನ್ಯ ಬಾತ್‌ರೂಮ್. ಪ್ಯಾಸೇಜ್ ಮೊದಲ ಕೋಣೆಯನ್ನು ದಾಟಿ, ಎರಡನೆಯ ಕೋಣೆಯ ಬಾಗಿಲು ತೆರೆಯುವಷ್ಟು ಮುಂದೆ ಹೋದರೆ ಸಾಕು: 12 ಅಡಿ, ಗೋಡೆಗೆ ಮುಕ್ಕಾಲು ಅಡಿ, ಬಾಗಿಲಿಗೆ 4 ಅಡಿ, ಒಟ್ಟು ಸುಮಾರು 17 ಅಡಿ. 3.5 ಅಡಿ ಅಗಲಕ್ಕೆ ನೆಲ 60 ಚದರಡಿ, ಹೆಚ್ಚಿನ ಒಂದು ಗೋಡೆಗೆ 13. ಇದರ ಜೊತೆಗೆ ಮುಂಬಾಗಿಲಿನಿಂದ ಹಾಲನ್ನು ದಾಟಿ ಪ್ಯಾಸೇಜಿನ ಬಾಯಿಗೆ ಬರುವ 12 ಅಡಿಯ ಪಟ್ಟಿಯನ್ನೂ ಸೇರಿಸಬೇಕು, ಅದು 36. ಒಟ್ಟು 109 ಚದರಡಿ, ಅಂದರೆ 1,400ರಲ್ಲಿ ಶೇ. 7.8. ಪ್ಯಾಸೇಜಿನ ಪ್ಲಾನಿನವರು ಹಾಲಿನೊಳಗಿನ ಆ 36 ಚದರಡಿಯನ್ನು ಸಾಮಾನ್ಯವಾಗಿ ಬಿಟ್ಟೇ ಲೆಕ್ಕ ಹೇಳುತ್ತಾರೆ.

ಅದೇ ಮೂರು ಬೆಡ್‌ರೂಮುಗಳು ಒಂದೇ ಸಾಲಿನಲ್ಲಿ ನಿಂತರೆ ಪ್ಯಾಸೇಜ್ ಎರಡು ಕೋಣೆಗಳನ್ನು ಪೂರ್ತಿ ದಾಟಿ ಮೂರನೆಯದರ ಬಾಗಿಲು ಮುಟ್ಟಬೇಕು: ಸುಮಾರು 29.5 ಅಡಿ. ನೆಲ 103 ಚದರಡಿ, ಗೋಡೆ 22, ಹಾಲಿನ ಪಟ್ಟಿ 36. ಒಟ್ಟು 161, ಶೇ. 11.5. ಒಂದೊಂದು ಬಾಗಿಲಿಗೆ ಎಷ್ಟು ಬಿತ್ತು ಎಂದು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಎರಡು ಕಡೆಯ ಪ್ಯಾಸೇಜಿನಲ್ಲಿ ನೆಲ, ಗೋಡೆ ಸೇರಿ 73 ಚದರಡಿ ನಾಲ್ಕು ಬಾಗಿಲುಗಳಿಗೆ ಹಂಚಿಹೋಗುತ್ತದೆ, ಬಾಗಿಲಿಗೆ 18. ಒಂದು ಕಡೆಯದರಲ್ಲಿ 125 ಚದರಡಿ ಮೂರೇ ಬಾಗಿಲಿಗೆ, ಅಂದರೆ ಬಾಗಿಲಿಗೆ 42ರ ಹತ್ತಿರ.

ಹಾಗೆಂದು ಒಂದು ಕಡೆಯ ಪ್ಯಾಸೇಜನ್ನು ಕರಾವಳಿಯಲ್ಲಿ ಪೂರ್ತಿ ತಳ್ಳಿಹಾಕುವಂತಿಲ್ಲ. ನಮ್ಮ ಮಳೆಗಾಳಿ ನೈಋತ್ಯದಿಂದ ಬರುತ್ತದೆ, ಪಡುವಣ ಗೋಡೆಗೆ ನೇರವಾಗಿ ಬಡಿಯುತ್ತದೆ. ಕೆಂಪುಕಲ್ಲು ನೀರು ಹೀರುವ ಕಲ್ಲು. ಪ್ಲಾಸ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಜುಲೈ ಹೊತ್ತಿಗೆ ಒಳಗಡೆ ಬಣ್ಣ ಏಳುತ್ತದೆ, ಗೋಡೆಗೆ ತಾಗಿಸಿಟ್ಟ ಕಪಾಟಿನ ಹಿಂದೆ ಬೂಷ್ಟು ಬರುತ್ತದೆ. ಕೋಣೆಗಳ ಪಡುವಣಕ್ಕೆ ಪ್ಯಾಸೇಜ್ ಬಂದರೆ ಆ ಒದ್ದೆಯನ್ನು ಪ್ಯಾಸೇಜಿನ ಗೋಡೆ ತಡೆದುಕೊಳ್ಳುತ್ತದೆ, ಬೆಡ್‌ರೂಮಿನ ಗೋಡೆ ಒಣಗಿರುತ್ತದೆ, ಸಂಜೆಯ ಬಿಸಿಲೂ ಕೋಣೆಗೆ ಬರುವುದಿಲ್ಲ. ಜಾಗದ ಆಕಾರದಿಂದಾಗಿ ಬೆಡ್‌ರೂಮುಗಳು ಪಡುವಣಕ್ಕೇ ಸಾಲಾಗಿ ಬರುವುದು ಅನಿವಾರ್ಯವಾದರೆ 3.5 ಅಡಿಯ ಪ್ಯಾಸೇಜನ್ನು 6 ಅಡಿಗೆ ಅಗಲ ಮಾಡಿ ಜಗಲಿಯಂತೆ ಬಳಸುವುದು ಮೇಲು. ಆಗ ಅದು ದಾರಿಯೂ ಹೌದು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗವೂ ಹೌದು, ಕೂರುವ ಜಾಗವೂ ಹೌದು.

ಪ್ಯಾಸೇಜಿನ ಪ್ಲಾನಿನಲ್ಲಿ ತಪ್ಪಾಗಿದೆಯೇ ಎಂದು ತಿಳಿಯಲು ಒಂದೇ ಗುರುತು ಸಾಕು. ಕೊನೆಯ ಬಾಗಿಲಾದ ಮೇಲೂ ಪ್ಯಾಸೇಜ್ ಮುಂದುವರಿದಿದೆಯೇ, ಅಥವಾ ಕೊನೆಯ ಬಾಗಿಲೇ ಕೋಣೆಯ ಆಚೆ ತುದಿಯಲ್ಲಿದೆಯೇ ನೋಡಿ. ಕೊನೆಯ ಕೋಣೆಯ ಬಾಗಿಲನ್ನು ಹತ್ತಿರದ ಮೂಲೆಯಿಂದ ದೂರದ ಮೂಲೆಗೆ ಸರಿಸಿದರೆ ಪ್ಯಾಸೇಜ್ 8 ಅಡಿ ಉದ್ದವಾಗುತ್ತದೆ, ಗೋಡೆ ಸೇರಿ 34 ಚದರಡಿ ಹೋಗುತ್ತದೆ. ಒಂದು ಸಣ್ಣ ಬಾತ್‌ರೂಮಿನಷ್ಟು ಜಾಗ, ಕೇವಲ ಒಂದು ಬಾಗಿಲು ಬೇರೆ ಮೂಲೆಯಲ್ಲಿದ್ದುದಕ್ಕೆ. ಗಮನಿಸಿ, ಅಲ್ಲಿ ಕೋಣೆ ಬದಲಾಗಲಿಲ್ಲ, ಗೋಡೆಯೂ ಜಾಗ ಬಿಡಲಿಲ್ಲ. ಬಾಗಿಲು ಮಾತ್ರ ಸರಿಯಿತು. ಇದೇ ವಿಷಯ ನಡುಹಾಲಿನಲ್ಲಿ ಇನ್ನೂ ಜೋರಾಗಿ ಕಾಣುತ್ತದೆ.

ನಡುಹಾಲನ್ನು 14×20 ಅಡಿ, ಅಂದರೆ 280 ಚದರಡಿ ಎಂದು ಹಿಡಿಯೋಣ. ಉದ್ದ ತೆಂಕಣದಿಂದ ಬಡಗಣಕ್ಕೆ. ತೆಂಕಣ ಗೋಡೆಯ ನಡುವೆ ಮುಂಬಾಗಿಲು, ನೇರ ಎದುರಿಗೆ ಬಡಗಣ ಗೋಡೆಯ ನಡುವೆ ಅಡುಗೆಮನೆಯ ಬಾಗಿಲು. ಪಡುವಣ ಗೋಡೆಯಲ್ಲಿ ಎರಡು ಬೆಡ್‌ರೂಮಿನ ಬಾಗಿಲು, ಮೂಡಣ ಗೋಡೆಯಲ್ಲಿ ಮೂರನೆಯ ಬೆಡ್‌ರೂಮ್ ಮತ್ತು ಬಾತ್‌ರೂಮಿನ ಬಾಗಿಲು. ಕಾಗದದ ಮೇಲೆ ತುಂಬ ಚೆಂದ ಕಾಣುವ, ಎರಡೂ ಕಡೆ ಸಮ ಇರುವ ಪ್ಲಾನ್ ಇದು. ಬಹಳ ಮನೆಗಳಲ್ಲಿ ಇದನ್ನೇ ಕಾಣುತ್ತೇವೆ.

ಈಗ ಪಟ್ಟಿ ಎಳೆಯಿರಿ. ಮುಂಬಾಗಿಲಿನಿಂದ ಅಡುಗೆಮನೆಗೆ ನಡುಮಧ್ಯದಲ್ಲಿ 20×3, ಅಂದರೆ 60 ಚದರಡಿ. ಆ ಪಟ್ಟಿಯ ಎರಡೂ ಕಡೆ ಉಳಿಯುವುದು ಐದೂವರೆ ಅಡಿ ಮಾತ್ರ. ಪ್ರತಿ ಪಕ್ಕದ ಬಾಗಿಲಿಗೆ 5.5×3ರ ಒಂದು ಕವಲು, 16.5 ಚದರಡಿ. ನಾಲ್ಕು ಬಾಗಿಲಿಗೆ 66. ಒಟ್ಟು 126 ಚದರಡಿ, ಶೇ. 9. 'ಒಂದಡಿಯೂ ವ್ಯರ್ಥವಿಲ್ಲ' ಎಂದ ಪ್ಲಾನು ಎರಡು ಕಡೆಯ ಪ್ಯಾಸೇಜಿಗಿಂತ 17 ಚದರಡಿ ಹೆಚ್ಚು ತಿಂದಿತು.

ಆದರೆ ನಿಜವಾದ ನಷ್ಟ ಆ 17 ಚದರಡಿಯಲ್ಲಿಲ್ಲ, ಉಳಿದ ಜಾಗದ ಆಕಾರದಲ್ಲಿದೆ. ಉಳಿದದ್ದು 154 ಚದರಡಿ, ಆದರೆ ಅದು ಐದೂವರೆ ಅಡಿ ಅಗಲದ ಆರು ತುಂಡುಗಳಾಗಿ ಚೆಲ್ಲಿಹೋಗಿದೆ. ಸೋಫಾಕ್ಕೆ 3 ಅಡಿ ಬೇಕು, ಟಿವಿಯ ಕೆಳಗಿನ ಕಪಾಟಿಗೆ ಒಂದೂವರೆ ಅಡಿ, ನಡುವೆ ಕನಿಷ್ಠ 6 ಅಡಿ. ಒಟ್ಟು 10.5 ಅಡಿ. ಆರು ಜನರ ಡೈನಿಂಗ್ ಟೇಬಲ್ 3×5 ಅಡಿ, ಕುರ್ಚಿ ಹಿಂದೆ ಎಳೆಯಲು ಸುತ್ತ ಎರಡೂವರೆ ಅಡಿ ಸೇರಿಸಿದರೆ 8×10 ಅಡಿ. ಐದೂವರೆ ಅಡಿಯ ತುಂಡಿನಲ್ಲಿ ಇವೆರಡರಲ್ಲಿ ಒಂದೂ ಕೂರುವುದಿಲ್ಲ. ಹಾಗಾಗಿ ಸೋಫಾ ಒಂದು ಗೋಡೆಗೆ, ಟಿವಿ ಎದುರು ಗೋಡೆಗೆ ಹೋಗುತ್ತದೆ, ಅಡುಗೆಮನೆಗೆ ಹೋಗುವವರೆಲ್ಲ ನಡುವೆ ಹಾಯುತ್ತಾರೆ. ಡೈನಿಂಗ್ ಟೇಬಲ್ ಯಾವುದೋ ಬೆಡ್‌ರೂಮಿನ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಲ್ಲುತ್ತದೆ. ಇದನ್ನು ಸರಿಮಾಡಲು ಹಾಲನ್ನೇ ದೊಡ್ಡದು ಮಾಡುತ್ತೇವೆ ಎಂದರೆ, ನಡುಪಟ್ಟಿಯ ಪಕ್ಕದಲ್ಲಿ 8 ಅಡಿ ಸಿಗಬೇಕಾದರೆ ಅಗಲ 14ರಿಂದ 19 ಅಡಿಗೆ ಏರಬೇಕು. 5×20, ಅಂದರೆ 100 ಚದರಡಿ ಹೆಚ್ಚು. ಅದನ್ನು ನಿಮ್ಮ ಕಂಟ್ರಾಕ್ಟರು ಹೇಳಿದ ಚದರಡಿ ದರದಿಂದ ಗುಣಿಸಿ ನೋಡಿ. ಪ್ಯಾಸೇಜ್ ಬೇಡವೆಂದು ಉಳಿಸಿದ್ದಕ್ಕಿಂತ ಹೆಚ್ಚೇ ಹೋಗಿರುತ್ತದೆ.

ಈಗ ಅದೇ 14×20ರ ಹಾಲಿನಲ್ಲಿ ಬಾಗಿಲುಗಳನ್ನು ಮಾತ್ರ ಸರಿಸೋಣ. ಮುಂಬಾಗಿಲನ್ನು ತೆಂಕಣ ಗೋಡೆಯ ಪಡುವಣ ತುದಿಗೆ ತನ್ನಿ. ಆಗ ನಡೆಯುವ ಪಟ್ಟಿ ಪಡುವಣ ಗೋಡೆಗೆ ಅಂಟಿಕೊಂಡು ಹೋಗುತ್ತದೆ: 20×3, ಅದೇ 60 ಚದರಡಿ. ಎರಡು ಬೆಡ್‌ರೂಮಿನ ಬಾಗಿಲುಗಳು ಆ ಗೋಡೆಯಲ್ಲೇ ಇರುವುದರಿಂದ ಅವಕ್ಕೆ ಕವಲೇ ಬೇಡ, ದಾರಿಯಲ್ಲೇ ಸಿಗುತ್ತವೆ. ಅಡುಗೆಮನೆಯ ಬಾಗಿಲು ಬಡಗಣ ಗೋಡೆಯಲ್ಲಿರಲಿ. ಮೂರನೆಯ ಬೆಡ್‌ರೂಮ್ ಮತ್ತು ಬಾತ್‌ರೂಮಿಗೆ ಹೋಗುವ ದಾರಿ ಮೂಡಣ ಗೋಡೆಯ ಬಡಗಣ ತುದಿಯಲ್ಲಿ ತೆರೆಯಲಿ. ಪಟ್ಟಿ ಬಡಗಣ ಗೋಡೆಯ ಉದ್ದಕ್ಕೆ ಇನ್ನು 11 ಅಡಿ ಹೋಗುತ್ತದೆ, 33 ಚದರಡಿ. ಒಟ್ಟು 93, ಶೇ. 6.6.

ಉಳಿದದ್ದು ಈಗ ಒಂದೇ ಅಖಂಡ ಆಯತ: 11×17 ಅಡಿ, 187 ಚದರಡಿ. 11 ಅಡಿಯಲ್ಲಿ ಸೋಫಾ, ಟಿವಿ ಎದುರುಬದುರು ಕೂರುತ್ತವೆ, ನಡುವೆ ಯಾರೂ ಹಾಯುವುದಿಲ್ಲ. 17 ಅಡಿ ಉದ್ದದಲ್ಲಿ ಕೂರುವುದಕ್ಕೆ 9 ಅಡಿ ಕೊಟ್ಟರೆ ಊಟಕ್ಕೆ 8 ಅಡಿ ಉಳಿಯುತ್ತದೆ, ಟೇಬಲನ್ನು ಅಡ್ಡಕ್ಕೆ ಹಾಕಿದರೆ ಬೇಕಾದ 8×10 ಸರಿಯಾಗಿ ಹೊಂದುತ್ತದೆ, ಅದೂ ಅಡುಗೆಮನೆಯ ಹತ್ತಿರದ ತುದಿಯಲ್ಲಿ. ಅದೇ ಹಾಲ್, ಅದೇ ಕೋಣೆಗಳು, ಅದೇ ಖರ್ಚು. ಹಿಂದಿನ ಪ್ಲಾನಿನಲ್ಲಿ ಏನೂ ಹಿಡಿಯದಿದ್ದ ಜಾಗದಲ್ಲಿ ಈಗ ಎಲ್ಲವೂ ಹಿಡಿಯಿತು.

ಸರಿಯಾಗಿ ನೋಡಿದರೆ ನಾವು ಮಾಡಿದ್ದು ಹಾಲಿನೊಳಗೆ ಗೋಡೆಯಿಲ್ಲದ ಒಂದು ಪ್ಯಾಸೇಜ್. ದಾರಿ ಇದ್ದೇ ಇದೆ, ಎರಡು ಗೋಡೆಗಳ ಬದಿಗೆ ಅಂಟಿಕೊಂಡಿದೆ. ಪ್ಯಾಸೇಜಾಗಿ ಕಟ್ಟಿದ್ದರೆ ಅದನ್ನು ಬೇರೆ ಯಾವುದಕ್ಕೂ ಬಳಸಲಾಗುತ್ತಿರಲಿಲ್ಲ. ಇಲ್ಲಿ ಊಟದ ಕುರ್ಚಿಯನ್ನು ಹಿಂದೆ ಎಳೆಯುವಾಗ ಒಂದಡಿ ಆ ದಾರಿಯಿಂದ ಸಾಲ ಸಿಗುತ್ತದೆ. ಪೂಜೆಯ ದಿನ ಪೀಠೋಪಕರಣ ತೆಗೆದು ಬಾಳೆಎಲೆ ಹಾಕಿದರೆ, ಕೂತವರಿಗೂ ಎಲೆಗೂ ಸೇರಿ ಒಂದು ಸಾಲಿಗೆ 4 ಅಡಿ, ನಡುವೆ ಬಡಿಸುವವರಿಗೆ 3 ಅಡಿ. ಎದುರುಬದುರು ಎರಡು ಪಂಕ್ತಿಗೆ ಸರಿಯಾಗಿ 11 ಅಡಿ ಆಯಿತು. ತಲೆಗೆ 2 ಅಡಿಯಂತೆ 17 ಅಡಿಯಲ್ಲಿ ಸಾಲಿಗೆ 8 ಜನ, ಒಟ್ಟು 16 ಜನ ಒಂದು ಪಂಕ್ತಿಗೆ. ಆಗಲೂ ಬೆಡ್‌ರೂಮಿನ ದಾರಿ ತೆರೆದೇ ಇರುತ್ತದೆ. ಸಮಸಮ ಬಾಗಿಲಿನ ಹಾಲಿನಲ್ಲಿ ಪ್ರತಿ ಗೋಡೆಯಲ್ಲಿ ಎರಡು ಬಾಗಿಲಿಗೆ 6 ಅಡಿ ಬಿಟ್ಟರೆ ಸಾಲಿಗೆ ಏಳೇ ಜನ, ಅದೂ ತುಂಡುತುಂಡಾಗಿ.

ಬಾಗಿಲು ಸರಿಸುವಾಗ ಬೆಡ್‌ರೂಮಿನ ಒಳಗೂ ನೋಡಬೇಕು, ಇಲ್ಲದಿದ್ದರೆ ಹಾಲಿನಲ್ಲಿ ಉಳಿಸಿದ್ದನ್ನು ಕೋಣೆಯಲ್ಲಿ ಕಳೆದುಕೊಳ್ಳುತ್ತೀರಿ. ಕೋಣೆಯ ಬಾಗಿಲು ಗೋಡೆಯ ನಡುವೆ ಬಂದರೆ ಆ ಗೋಡೆ ಎರಡು ತುಂಡಾಗಿ ಕಪಾಟಿಗೂ ಮಂಚಕ್ಕೂ ಆಗುವುದಿಲ್ಲ. ಮೂಲೆಗೆ ತಂದರೆ ಒಳ್ಳೆಯದು, ಆದರೆ ಪೂರ್ತಿ ಮೂಲೆಗೆ ಅಲ್ಲ. ಪಕ್ಕದ ಗೋಡೆಗೆ ಕಪಾಟು ಇಡುವುದಾದರೆ ಅದರ ಆಳ 2 ಅಡಿ. ದಾರಂದದ ಅಂಚು ಮೂಲೆಯಿಂದ 2 ಅಡಿ 3 ಇಂಚು ಬಿಟ್ಟು ಬರಲಿ. ಕಪಾಟು ಬೇಡವೆಂದರೆ ಮೂಲೆಯಿಂದ 6 ಇಂಚು ಸಾಕು, ಬಾಗಿಲು ತೆರೆದು ಪಕ್ಕದ ಗೋಡೆಗೆ ಒರಗುತ್ತದೆ. ವಾಸ್ತು ನೋಡುವವರಾದರೂ ಅಡುಗೆಮನೆ, ಬೆಡ್‌ರೂಮು ಯಾವ ದಿಕ್ಕಿನಲ್ಲಿರಬೇಕೆಂದು ಮೊದಲು ನಿಶ್ಚಯವಾದ ಮೇಲೆ, ಅದೇ ಕೋಣೆಯ ಅದೇ ಗೋಡೆಯಲ್ಲಿ ಬಾಗಿಲು ಎಷ್ಟು ಅಡಿ ಸರಿಯಬಹುದು ಎಂದು ಕೇಳಿ. ಬಹಳ ಸಲ ಮೂರ್ನಾಲ್ಕು ಅಡಿ ಸರಿಸಲು ಅವಕಾಶ ಇರುತ್ತದೆ, ಯಾರೂ ಕೇಳಿರುವುದಿಲ್ಲ.

ನಡುಹಾಲಿಗೆ ಎರಡು ದೋಷಗಳಿವೆ, ಎರಡನ್ನೂ ಮೊದಲೇ ನೋಡಿಕೊಳ್ಳಬೇಕು. ಮೊದಲನೆಯದು ಗಾಳಿ. ಹಾಲಿನ ನಾಲ್ಕೂ ಕಡೆ ಕೋಣೆ ಬಂದು ಒಂದೂ ಹೊರಗೋಡೆ ಇಲ್ಲದಿದ್ದರೆ ಹಗಲಿನಲ್ಲಿಯೂ ದೀಪ ಬೇಕು, ಮಳೆಗಾಲದಲ್ಲಿ ನೆಲ ಬೆವರುತ್ತದೆ. ಎರಡು ಹೊರಗೋಡೆ ಸಿಗಬೇಕು, ಕಡೇಪಕ್ಷ ಒಂದು ಗೋಡೆ ಪೂರ್ತಿ ಸಿಗಬೇಕು. ಎರಡನೆಯದು ಮರೆ. ಬಾತ್‌ರೂಮಿನ ಬಾಗಿಲು ಊಟದ ಟೇಬಲಿಗೆ ನೇರವಾಗಿ ತೆರೆದರೆ ಅದು ದಿನಾ ಮುಜುಗರ. ಇದಕ್ಕೆ ಮದ್ದು ಒಂದು ಪುಟ್ಟ ಲಾಬಿ. ಹಾಲಿನ ಈಶಾನ್ಯ ಮೂಲೆಯಿಂದಾಚೆ 4×4.5 ಅಡಿಯ, ಅಂದರೆ 18 ಚದರಡಿಯ, ಲಾಬಿ ಮಾಡಿ ಅದರಿಂದ ಬೆಡ್‌ರೂಮಿಗೂ ಬಾತ್‌ರೂಮಿಗೂ ಬಾಗಿಲು ಕೊಡಿ. ಬಾಗಿಲುಗಳೆಲ್ಲ ಲಾಬಿಯ ಕಡೆಗಲ್ಲ, ಕೋಣೆಯ ಒಳಗೆ ತೆರೆಯಲಿ, ಇಲ್ಲದಿದ್ದರೆ ಒಂದಕ್ಕೊಂದು ಬಡಿಯುತ್ತವೆ. ಹಾಲಿಗೆ ನೇರ ಎದುರು ಬೆಡ್‌ರೂಮಿನ ಬಾಗಿಲು ಬರಲಿ, ಬಾತ್‌ರೂಮಿನದು ತೆಂಕಣ ಬದಿಗೆ. ಆಗ ಹಾಲಿನಿಂದ ನೋಡಿದರೆ ಬಾತ್‌ರೂಮ್ ಕಾಣುವುದಿಲ್ಲ. ಬೆಡ್‌ರೂಮ್ ಲಾಬಿಯ ಆಚೆಗೆ ಸರಿದುದರಿಂದ ಹಾಲಿನ ಮೂಡಣ ಗೋಡೆಯ ತೆಂಕಣ ಅರ್ಧ ಹೊರಗೋಡೆಯಾಗುತ್ತದೆ, ಕಿಟಕಿ ಸಿಗುತ್ತದೆ. ತೆಂಕಣ ಗೋಡೆ ಹೇಗೂ ಹೊರಗೋಡೆ. ಮಳೆ ಬಡಿಯುವ ಪಡುವಣಕ್ಕೆ ಎರಡು ಬೆಡ್‌ರೂಮುಗಳು ಅಡ್ಡ ನಿಂತಿರುತ್ತವೆ, ಆ ಕೋಣೆಗಳ ಹೊರಗೋಡೆಗೆ ಮಾತ್ರ ಮಾಡಿನ ಚಾಚನ್ನು 3 ಅಡಿ ಬಿಡಿಸಿಕೊಳ್ಳಿ.

ಲಾಬಿಯ 18 ಸೇರಿದರೆ ಓಡಾಟದ ಲೆಕ್ಕ 93ರಿಂದ 111ಕ್ಕೆ ಬಂತು, ಶೇ. 7.9. ಎರಡು ಕಡೆಯ ಪ್ಯಾಸೇಜಿನ 109ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಎಷ್ಟು ಚದರಡಿ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದೇ: ಚೆನ್ನಾಗಿ ಮಾಡಿದ ಪ್ಯಾಸೇಜ್ ಮತ್ತು ಚೆನ್ನಾಗಿ ಮಾಡಿದ ನಡುಹಾಲ್ ಒಂದೇ ಪ್ರಮಾಣದಲ್ಲಿ ಜಾಗ ತಿನ್ನುತ್ತವೆ. ಆದರೆ ಪ್ಯಾಸೇಜಿನ 109ರಲ್ಲಿ 73 ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡಿದೆ. ಹಾಲಿನ 111ರಲ್ಲಿ 93 ತೆರೆದ ಜಾಗ, ಬೇಕಾದಾಗ ಬೇರೆ ಕೆಲಸಕ್ಕೆ ಸಿಗುತ್ತದೆ. ನಿಮ್ಮ ಮನೆಗೆ ನಾನು ನಡುಹಾಲನ್ನು ಆರಿಸುವುದು ಈ ಕಾರಣಕ್ಕೆ.

ತಂದೆ-ತಾಯಿಯ ದೃಷ್ಟಿಯಿಂದ ಇನ್ನೊಂದು ಕಾರಣವೂ ಇದೆ. ಸ್ಟ್ರೆಚರ್ ಸುಮಾರು ಆರೂವರೆ ಅಡಿ ಉದ್ದ, 2 ಅಡಿ ಅಗಲ. 3.5 ಅಡಿಯ ಪ್ಯಾಸೇಜಿನಿಂದ ಪಕ್ಕದ 3 ಅಡಿಯ ಬಾಗಿಲಿಗೆ ಅದನ್ನು ಮಟ್ಟಸವಾಗಿ ಹಿಡಿದು ತಿರುಗಿಸಲು ಆಗುವುದೇ ಇಲ್ಲ, ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಲಿಕುರ್ಚಿ ಒಂದು ಸುತ್ತು ತಿರುಗಲು 5 ಅಡಿ ಬೇಕು, ಅದೂ ಪ್ಯಾಸೇಜಿನಲ್ಲಿ ಸಿಗುವುದಿಲ್ಲ. ಹಾಲಿನ ಪಟ್ಟಿ ತಿರುಗುವ ಕಡೆ ಒಂದು ಬದಿ ಗೋಡೆಯೇ ಇಲ್ಲ, ಆದ್ದರಿಂದ ಅಲ್ಲಿ ತಿರುಗಿ ಬಡಗಣ ಗೋಡೆಯ ಉದ್ದಕ್ಕೆ, ಲಾಬಿಯ ಮೂಲಕ, ಎದುರಿನ ಬೆಡ್‌ರೂಮಿಗೆ ನೇರವಾಗಿ ಹೋಗಬಹುದು. ಅದೇ ಕೋಣೆಯನ್ನು ಹಿರಿಯರಿಗೆ ಕೊಡಿ, ಬಾತ್‌ರೂಮ್ ಎರಡು ಹೆಜ್ಜೆಯಲ್ಲಿದೆ. ಲಾಬಿಯ ಬಾಯಿಯನ್ನೂ ಆ ಬೆಡ್‌ರೂಮಿನ ಬಾಗಿಲನ್ನೂ ದಾರಂದ ಕಳೆದು 3 ಅಡಿ ಇರುವಂತೆ ಮಾಡಿಸಿ. ಬಾಗಿಲಿನ ಅಳತೆ ಹೇಳುವಾಗ ದಾರಂದದ ಹೊರ ಅಳತೆ ಹೇಳುವವರೇ ಹೆಚ್ಚು, ಅಲ್ಲಿ ಐದಾರು ಇಂಚು ಕಳೆದುಹೋಗುತ್ತದೆ. ಹಿರಿಯರಿಗಾಗಿ ಪ್ಯಾಸೇಜಿನ ಪ್ಲಾನೇ ಆರಿಸಿಕೊಂಡರೂ ಅವರ ಬಾಗಿಲು ಪ್ಯಾಸೇಜಿನ ಪಕ್ಕದಲ್ಲಲ್ಲ, ತುದಿಯಲ್ಲಿ ನೇರ ಎದುರಿಗೆ ಬರಲಿ.

ಇನ್ನು ಒಳಂಗಳದ ಸುತ್ತುದಾರಿ. ಗುತ್ತಿನ ಮನೆಗಳ ಒಳಂಗಳ, ಸುತ್ತ ಜಗಲಿ ನೋಡಿದವರಿಗೆ ಅದರ ಆಸೆ ಸಹಜ. ಆದರೆ ಲೆಕ್ಕ ಕಠಿಣ. 10×10 ಅಡಿಯ ಅಂಗಳ, ಸುತ್ತ 4 ಅಡಿ ದಾರಿ: ಹೊರ ಅಳತೆ 18×18, ಅಂದರೆ 324, ಅದರಿಂದ ಅಂಗಳದ 100 ಕಳೆದರೆ ದಾರಿಯೇ 224 ಚದರಡಿ. ಶೇ. 16. ಅಂಗಳದ 100 ಇದರ ಮೇಲೆ ಬೇರೆ.

'ಹಾಗಾದರೆ ಅಂಗಳ ಸಣ್ಣದು ಮಾಡೋಣ' ಎಂದು ಎಲ್ಲರೂ ಹೇಳುತ್ತಾರೆ. 6×6 ಮಾಡಿದರೆ ಹೊರ ಅಳತೆ 14×14, ದಾರಿ 160 ಚದರಡಿ. ಅಂಗಳ 100ರಿಂದ 36ಕ್ಕೆ, ಮೂರನೇ ಒಂದು ಭಾಗಕ್ಕೆ ಇಳಿಯಿತು. ದಾರಿ ಇಳಿದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಏಕೆಂದರೆ ನಾಲ್ಕು ಮೂಲೆಗಳ 64 ಚದರಡಿ ಅಂಗಳ ಎಷ್ಟು ಸಣ್ಣದಾದರೂ ಹಾಗೆಯೇ ಉಳಿಯುತ್ತದೆ. ಬೆಳಕು ಹೋಯಿತು, ದಾರಿ ಉಳಿಯಿತು. ಸಣ್ಣ ಮನೆಗೆ ಸಣ್ಣ ಅಂಗಳ ಎಂಬುದು ಈ ಲೆಕ್ಕದಲ್ಲಿ ಸೋಲುತ್ತದೆ.

ಅದರ ಮೇಲೆ ನಮ್ಮ ಮಳೆ. ತೆರೆದ ಅಂಗಳದ ಸುತ್ತ 4 ಅಡಿಯ ದಾರಿಯಿದ್ದರೆ, ಗಾಳಿಮಳೆಗೆ ಇರಚಲು ಒಂದೂವರೆ ಅಡಿಯಾದರೂ ಒಳಗೆ ಬರುತ್ತದೆ. ಒಣಗಿರುವುದು ಎರಡೂವರೆ ಅಡಿ, ಹಿರಿಯರು ಜಾರುವ ಜಾಗ ಅದೇ. ಆದ್ದರಿಂದ ಇಲ್ಲಿ 5 ಅಡಿಗಿಂತ ಕಡಿಮೆ ಮಾಡಬಾರದು. 5 ಅಡಿಗೆ ದಾರಿ 300 ಚದರಡಿ, ಶೇ. 21. ನೀರಿನ ಲೆಕ್ಕವೂ ಇದೆ: 18×18ರ ಮೇಲೆ ಬಿದ್ದದ್ದೆಲ್ಲ ಅಂಗಳಕ್ಕೇ ಇಳಿದರೆ, ಒಂದು ದಿನದ 100 ಮಿ.ಮೀ. ಮಳೆಗೆ ಸುಮಾರು 3,000 ಲೀಟರ್. ಜುಲೈಯಲ್ಲಿ ಅಂಥ ದಿನಗಳು ಅಪರೂಪವೇನಲ್ಲ. ಒಂದು ಎಲೆ ಪೈಪಿನ ಬಾಯಿಗೆ ಕೂತರೆ ನೀರು ಮನೆಯೊಳಗೇ ಏರುತ್ತದೆ, ಹಾಗಾಗಿ ಎರಡು ಬೇರೆ ಬೇರೆ ಪೈಪ್ ಬೇಕೇ ಬೇಕು. ಹಳೆಯ ಮನೆಗಳಲ್ಲಿ ಆ ಜಗಲಿ ಬರೀ ದಾರಿಯಾಗಿರಲಿಲ್ಲ. ಅಲ್ಲೇ ಕೂರುತ್ತಿದ್ದರು, ಮಲಗುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ಹಾಗಾಗಿ ಜಾಗ ಸಾರ್ಥಕವಾಗುತ್ತಿತ್ತು. ಈಗ ಆ ಕೆಲಸಗಳಿಗೆಲ್ಲ ಬೇರೆ ಕೋಣೆ ಕಟ್ಟಿ, ಜಗಲಿಯನ್ನೂ ಕಟ್ಟಿದರೆ ಎರಡು ಸಲ ದುಡ್ಡು ಕೊಟ್ಟಂತೆ.

ಅಂಗಳ ಬೇಕೇ ಬೇಕೆಂದರೆ ಒಂದು ದಾರಿಯಿದೆ: ಸುತ್ತಿನ ಎರಡು ಬದಿಗಳು ಹಾಲು ಮತ್ತು ಊಟದ ಜಾಗದ ಅಂಚಾಗಲಿ, ಅಲ್ಲಿ 3 ಅಡಿಯ ಪಟ್ಟಿ ಸಾಕು, ಇರಚಲಿಗೆ ಗಾಜಿನ ಬಾಗಿಲು ಹಾಕಿಕೊಳ್ಳಬಹುದು. ಉಳಿದ ಎರಡು ಬದಿ 5 ಅಡಿ. ಆಗ 300 ಇದ್ದದ್ದು 224ಕ್ಕೆ ಇಳಿಯುತ್ತದೆ. ಆದರೂ ಅದು ನಡುಹಾಲಿನ ಎರಡರಷ್ಟು. 1,400 ಚದರಡಿಯ ಮನೆಗೆ ಇದು ಭಾರ. 2,500 ಚದರಡಿ ದಾಟಿದ ಮನೆಯಲ್ಲಿ ಅದೇ 224 ಶೇ. 9ಕ್ಕೆ ಬರುತ್ತದೆ, ಅಲ್ಲಿ ಧೈರ್ಯವಾಗಿ ಮಾಡಬಹುದು.

ಆದರೆ ಸುತ್ತುದಾರಿಯ ನಿಜವಾದ ಉಪಯೋಗವನ್ನು ಅಂಗಳವಿಲ್ಲದೆಯೂ ಪಡೆಯಬಹುದು. ಸುತ್ತಿನ ಗುಣವೆಂದರೆ ಒಂದು ಜಾಗಕ್ಕೆ ಎರಡು ದಾರಿ. ಊಟದ ದಿನ ಬಡಿಸುವವರು ಹಾಲಿನ ಕಡೆಯಿಂದ ಬರುವಾಗ, ಕೋಣೆಯಲ್ಲಿರುವ ಹಿರಿಯರಿಗೆ ಗಂಜಿ ಒಯ್ಯುವವರು ಹಿಂದಿನಿಂದ ಹೋಗಬಹುದು. ನಿಮ್ಮ ಪ್ಲಾನಿನಲ್ಲಿ ಅಡುಗೆಮನೆ ಬಡಗಣಕ್ಕಿದೆ, ಅದರ ಮೂಡಣಕ್ಕೆ ವರ್ಕ್ ಏರಿಯಾ ಬಂದರೆ ಅದು ಲಾಬಿಯ ಬಡಗಣ ಗೋಡೆಗೆ ತಾಗುತ್ತದೆ. ಆ ಗೋಡೆಯಲ್ಲಿ ಒಂದು ಬಾಗಿಲು ಕೊಡಿ. ಹಾಲ್, ಅಡುಗೆಮನೆ, ವರ್ಕ್ ಏರಿಯಾ, ಲಾಬಿ, ಮತ್ತೆ ಹಾಲ್: ಸುತ್ತು ಪೂರ್ತಿಯಾಯಿತು. ಹೊಸದಾಗಿ ಹೋದದ್ದು ವರ್ಕ್ ಏರಿಯಾದೊಳಗಿನ 3×6 ಅಡಿಯ ಪಟ್ಟಿ, 18 ಚದರಡಿ. ಅಂಗಳದ ಸುತ್ತಿನ 224ರ ಮುಂದೆ ಇದು ಏನೂ ಅಲ್ಲ.

ಇದರಲ್ಲಿಯೂ ಒಂದು ಎಚ್ಚರ ಬೇಕು. ಈ ಬಾಗಿಲು ವರ್ಕ್ ಏರಿಯಾದ ಗೋಡೆಯಲ್ಲಿ 3 ಅಡಿ ತಿನ್ನುತ್ತದೆ. ಅರೆಯುವ ಕಲ್ಲು, ವಾಷಿಂಗ್ ಮಷಿನ್, ಸಿಂಕ್ ಎಲ್ಲಿ ಬರುತ್ತವೆಂದು ಮೊದಲು ಗುರುತು ಮಾಡಿ, ಉಳಿದ ಗೋಡೆಯಲ್ಲಿ ಬಾಗಿಲು ಇಡಿ. ವರ್ಕ್ ಏರಿಯಾದ ನೆಲ ಅರ್ಧ ಇಂಚಾದರೂ ತಗ್ಗಿನಲ್ಲಿರಲಿ, ನೀರು ಲಾಬಿಗೆ ಬರಬಾರದು. ಆದರೆ ಅಲ್ಲಿ ಮೆಟ್ಟಿಲಿನಂಥ ಅಂಚು ಬೇಡ, ಹಿರಿಯರ ಕಾಲು ತಾಗುತ್ತದೆ, ಇಳಿಜಾರು ಮಾಡಿಸಿ.

ಮುಂದೆ ಮೇಲಂತಸ್ತು ಕಟ್ಟುವ ಯೋಚನೆ ಇದ್ದರೆ ಮೆಟ್ಟಿಲಿನ ಮೊದಲ ಹೆಜ್ಜೆ ಈಗ ಎಳೆದ ಪಟ್ಟಿಯ ಮೇಲೆಯೇ ಬೀಳಬೇಕು, ಪಡುವಣ ಅಥವಾ ಬಡಗಣ ಗೋಡೆಯ ಕಡೆಗೆ. ತೆಂಕಣ-ಮೂಡಣ ಮೂಲೆಯಲ್ಲಿ ಮೆಟ್ಟಿಲು ಹತ್ತಿದರೆ ಅದಕ್ಕೆ ಹೋಗುವ ದಾರಿ ಆ 11×17ರ ಆಯತವನ್ನು ಕೊಯ್ದುಬಿಡುತ್ತದೆ.

ಈಗಿರುವ ಮೂರನೆಯ ಪ್ಲಾನನ್ನೇ ಇಂಜಿನಿಯರರ ಹತ್ತಿರ ಒಯ್ದು, ಮುಂಬಾಗಿಲನ್ನು ಪಡುವಣ ತುದಿಗೆ, ಮೂಡಣದ ಎರಡು ಬಾಗಿಲುಗಳನ್ನು ಲಾಬಿಯೊಳಗೆ ಸರಿಸಿ ಬರೆಸಿ. ಹೊಸ ಪ್ಲಾನಿನ ಮೇಲೆ ಮತ್ತೆ ಪಟ್ಟಿ ಎಳೆದು ಎರಡು ವಿಷಯ ನೋಡಿ: ವರ್ಕ್ ಏರಿಯಾದ 18 ಬಿಟ್ಟು ಬಣ್ಣ ಹಚ್ಚಿದ್ದು 115 ಚದರಡಿಯ ಒಳಗಿದೆಯೇ, ಬಣ್ಣವಿಲ್ಲದ ಜಾಗದಲ್ಲಿ 11×17 ಅಡಿ ಒಂದೇ ತುಂಡಾಗಿ ಸಿಗುತ್ತದೆಯೇ. ತಳಪಾಯಕ್ಕೆ ಗುರುತು ಹಾಕಿದ ದಿನ ಸುಣ್ಣದ ಪುಡಿಯಲ್ಲಿ ಆ ಪಟ್ಟಿಯನ್ನೂ ನೆಲದ ಮೇಲೆ ಎಳೆಸಿ, ಸೋಫಾ, ಟೇಬಲಿನ ಜಾಗದಲ್ಲಿ ನಾಲ್ಕು ಕಲ್ಲು ಇಟ್ಟು, ತಂದೆ-ತಾಯಿಯನ್ನು ಮುಂಬಾಗಿಲಿನಿಂದ ಅವರ ಕೋಣೆಯವರೆಗೆ ಒಮ್ಮೆ ನಡೆಸಿ ನೋಡಿ. ಎಲ್ಲಾದರೂ ಬಳಸಿಕೊಂಡು ಹೋಗಬೇಕಾಗಿ ಬಂದರೆ ಆಗಲೂ ಬಾಗಿಲು ಸರಿಸಲು ಸಮಯವಿದೆ. ದಾರಂದ ನಿಂತ ಮೇಲೆ ಇಲ್ಲ.